ಲಾಭ ಶೇ 40 ಜಾಸ್ತಿ, ಷೇರು ಮಾತ್ರ ಕೆಳಗೆ: ಏಕೆ?

ಪ್ರಶ್ನೆ: ಶ್ರೀನಿವಾಸಪುರದಲ್ಲಿ ನನ್ನದು ಮೋಟರ್ ಪಂಪ್ ಅಂಗಡಿ. ನಾನು ಮಾರುವ ಪಂಪ್ ಕಂಪನಿಯದ್ದೇ 100 ಷೇರು ತಗೊಂಡಿದ್ದೇನೆ. ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಲಾಭ 45 ಕೋಟಿಯಿಂದ 63 ಕೋಟಿಗೆ ಏರಿದೆ ಅಂತ ಸುದ್ದಿ ಬಂತು. ಮಾರನೇ ದಿನವೇ ಷೇರು 720ರಿಂದ 640ಕ್ಕೆ ಬಿತ್ತು. ಸೆಪ್ಟೆಂಬರ್‌ನಲ್ಲಿ ಹತ್ತು ಮೋಟರ್‌ಗೆ ಒಂದು ಫ್ರೀ ಸ್ಕೀಮ್ ಕೊಟ್ಟಿದ್ದರು, ಮಾಲೂ ಜಾಸ್ತಿನೇ ಎತ್ತಿದೆವು. ಲಾಭ ಬಂದರೂ ಬೀಳೋದು ಅಂದರೆ ಯಾರೋ ಆಟ ಆಡ್ತಿದ್ದಾರಾ? ರಿಸಲ್ಟ್ ಪಿಡಿಎಫ್ ಕಳಿಸಿದ್ದೇನೆ.

ಉತ್ತರ: ಆಟ ಆಡುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಈ ಸಲ ಬೀಳಲು ಬೇಕಾದ ಕಾರಣ ನೀವು ಕಳಿಸಿದ ಹಾಳೆಯಲ್ಲೇ ಇದೆ. ಕಂಪನಿಯ ಹೆಸರು ಬಿಟ್ಟು, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ನೋಡೋಣ.

ಸುದ್ದಿಯವರು ಓದಿದ್ದು ಹಾಳೆಯ ಕೆಳಗಿನ ಸಾಲು, ಅಂದರೆ ನಿವ್ವಳ ಲಾಭ. ನೀವು ಮೇಲಿನಿಂದ ಶುರು ಮಾಡಿ. ಮೊದಲ ಸಾಲು 'ರೆವೆನ್ಯೂ ಫ್ರಮ್ ಆಪರೇಷನ್ಸ್'. ಇದು ಪಂಪ್ ಮಾರಿ ಬಂದ ಹಣ. ಕಳೆದ ವರ್ಷ ಇದೇ ತ್ರೈಮಾಸಿಕದಲ್ಲಿ 500 ಕೋಟಿ ಇತ್ತು, ಈಗ 530 ಕೋಟಿ. ಬೆಳವಣಿಗೆ ಶೇ 6. ಪಕ್ಕದ ಕಾಲಂನಲ್ಲಿ ಜೂನ್ ತ್ರೈಮಾಸಿಕದ ಅಂಕಿಯೂ ಇದೆ. ಅದರ ಜೊತೆ ಹೋಲಿಸಬೇಡಿ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಎಷ್ಟು ಹೋಗುತ್ತದೆ, ಮಳೆ ಹಿಡಿದ ಮೇಲೆ ಎಷ್ಟು ಹೋಗುತ್ತದೆ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸೀಸನ್ ಇರುವ ವ್ಯಾಪಾರಕ್ಕೆ ಹೋದ ವರ್ಷದ ಅದೇ ಮೂರು ತಿಂಗಳೇ ಸರಿಯಾದ ಅಳತೆ.

ಈಗ ಮಾರ್ಜಿನ್. ಇದು ಹಾಳೆಯಲ್ಲಿ ಅಚ್ಚಾಗಿರುವುದಿಲ್ಲ, ನಾವೇ ಲೆಕ್ಕ ಹಾಕಬೇಕು. ಒಟ್ಟು ಖರ್ಚಿನಿಂದ ಬಡ್ಡಿ ಮತ್ತು ಸವಕಳಿಯನ್ನು ತೆಗೆದುಹಾಕಿ. ಉಳಿದ ಖರ್ಚನ್ನು ಮಾರಾಟದಿಂದ ಕಳೆಯಿರಿ. ಕಳೆದ ವರ್ಷ 500ರಲ್ಲಿ 410 ಹೋಗಿ 90 ಕೋಟಿ ಉಳಿದಿತ್ತು, ಅಂದರೆ ಶೇ 18. ಈ ಸಲ 530ರಲ್ಲಿ 445 ಹೋಗಿ 85 ಉಳಿದಿದೆ, ಅಂದರೆ ಶೇ 16. ಮಾರಾಟ 30 ಕೋಟಿ ಜಾಸ್ತಿಯಾಗಿದೆ, ವ್ಯಾಪಾರದಲ್ಲಿ ಉಳಿದದ್ದು 5 ಕೋಟಿ ಕಡಿಮೆಯಾಗಿದೆ. ಹಳೇ ಮಾರ್ಜಿನ್ನೇ ಇದ್ದಿದ್ದರೆ 95 ಕೋಟಿ ಉಳಿಯಬೇಕಿತ್ತು.

ಆ 10 ಕೋಟಿ ಎಲ್ಲಿ ಹೋಯಿತು? ಕಚ್ಚಾ ಸಾಮಗ್ರಿಯ ಸಾಲುಗಳನ್ನು ನೋಡಿ. ಸ್ಟಾಕಿನ ಏರಿಳಿತದ ಸಾಲನ್ನೂ ಸೇರಿಸಿಕೊಳ್ಳಿ, ಅದನ್ನು ತುಂಬಾ ಜನ ಮರೆಯುತ್ತಾರೆ. ಇವೆಲ್ಲ ಕೂಡಿದರೆ ಕಳೆದ ವರ್ಷ 300 ಕೋಟಿ, ಈಗ 334. ಮಾರಾಟದ ಶೇ 60 ಇದ್ದದ್ದು ಶೇ 63 ಆಗಿದೆ. ಮೋಟರ್ ವೈಂಡಿಂಗ್‌ಗೆ ತಾಮ್ರ ಬೇಕು. ತಾಮ್ರದ ರೇಟು ಏರಿದ ಕೂಡಲೇ ಪಂಪಿನ ಬೆಲೆ ಏರಿಸಲು ಆಗದಿದ್ದರೆ ಈ ಪಾಲು ಹೀಗೆ ಉಬ್ಬುತ್ತದೆ. ಇನ್ನೊಂದು ಕಾರಣ ನಿಮ್ಮ ಅಂಗಡಿಯಲ್ಲೇ ಇರಬಹುದು. ಹತ್ತಕ್ಕೆ ಒಂದು ಫ್ರೀ ಅಂದರೆ ಕಂಪನಿ ಹನ್ನೊಂದು ಮೋಟರ್ ಮಾಡುವ ಖರ್ಚು ಹಾಕಿ ಹತ್ತರ ದುಡ್ಡು ತಗೊಂಡಿದೆ. ಈ ಸ್ಕೀಮಿನ ಹೊರೆಗೆ ಬೇರೆ ಸಾಲು ಇರುವುದಿಲ್ಲ, ಅದು ಮಾರ್ಜಿನ್ ಒಳಗೇ ಕರಗಿಹೋಗುತ್ತದೆ.

ಹಾಗಾದರೆ 63 ಕೋಟಿ ಲಾಭ ಎಲ್ಲಿಂದ ಬಂತು? 85 ಕೋಟಿಗೆ ಇತರ ಆದಾಯ 4 ಕೋಟಿ ಕೂಡಿಸಿ, ಸವಕಳಿ 27, ಬಡ್ಡಿ 10 ಕಳೆಯಿರಿ. 52 ಕೋಟಿ. ಕಳೆದ ವರ್ಷ ಇದೇ ಜಾಗದಲ್ಲಿ 60 ಇತ್ತು. ಅದರ ಕೆಳಗಿನ ಸಾಲಿನ ಹೆಸರು 'ಎಕ್ಸೆಪ್ಷನಲ್ ಐಟಮ್ಸ್'. ಅಲ್ಲಿ 32 ಕೋಟಿ ಇದೆ, ಪಕ್ಕದಲ್ಲಿ ಟಿಪ್ಪಣಿಯ ನಂಬರ್ ಇದೆ. ಕೊನೇ ಪುಟದ ಸಣ್ಣಕ್ಷರದಲ್ಲಿ ಆ ಟಿಪ್ಪಣಿ ಓದಿದರೆ ಗೊತ್ತಾಗುತ್ತದೆ: ಹಳೇ ಕಾರ್ಖಾನೆಯ ಜಾಗ ಮಾರಿ ಬಂದ ಲಾಭ. ಒಟ್ಟು 84ರಲ್ಲಿ ಕಾಲು ಭಾಗ ತೆರಿಗೆ ಹೋಗಿ 63 ಉಳಿಯಿತು. ಜಾಗದ ಹಣ ಬಿಟ್ಟು ಅದೇ ದರದಲ್ಲಿ ಲೆಕ್ಕ ಹಾಕಿದರೆ ಉಳಿಯುವುದು 39 ಕೋಟಿ. ಶೇ 40 ಏರಿಕೆ ಅಂದುಕೊಂಡಿದ್ದು ನಿಜಕ್ಕೂ ಶೇ 13 ಇಳಿಕೆ! ಜಾಗ ಪ್ರತಿ ವರ್ಷ ಮಾರೋಕಾಗಲ್ಲ ಅಲ್ವಾ.

ಇನ್ನು ಷೇರಿನ ಬೆಲೆ. ನಿಮ್ಮೂರಲ್ಲಿ ಮಾವಿನ ತೋಟವನ್ನು ಹೂವಿನಲ್ಲೇ ಗುತ್ತಿಗೆಗೆ ಹಿಡಿಯುವವರನ್ನು ನೋಡಿದ್ದೀರಿ. ಹೂವು ನೋಡಿ ಇಪ್ಪತ್ತು ಟನ್ ಬರುತ್ತದೆ ಅಂತ ದುಡ್ಡು ಕೊಟ್ಟಿರುತ್ತಾನೆ. ಹದಿನೈದು ಟನ್ ಬಂತು ಅನ್ನಿ. ಹೋದ ವರ್ಷ ಹನ್ನೆರಡೇ ಬಂದಿತ್ತು ಅಂತ ಹೇಳಿದರೆ ಅವನಿಗೆ ಸಮಾಧಾನ ಆಗುತ್ತಾ? ಷೇರು ಕೊಂಡವರೂ ಹಾಗೇ. ನಿಮ್ಮ ಕಂಪನಿಯದ್ದು 10 ಕೋಟಿ ಷೇರು. ಹಿಂದಿನ ಒಂದು ವರ್ಷದ ಲಾಭ 180 ಕೋಟಿ ಇತ್ತು, ಅಂದರೆ ಷೇರಿಗೆ 18 ರೂಪಾಯಿ. 720 ರೂಪಾಯಿ ಕೊಟ್ಟವರು 18 ರೂಪಾಯಿ ಲಾಭಕ್ಕೆ 40 ಪಟ್ಟು ಕೊಟ್ಟಿದ್ದಾರೆ. ಲಾಭ ವರ್ಷವರ್ಷವೂ ಜೋರಾಗಿ ಬೆಳೆಯುತ್ತದೆ ಎಂಬ ನಂಬಿಕೆ ಇಲ್ಲದೆ ಯಾರೂ ಇಷ್ಟು ಕೊಡುವುದಿಲ್ಲ. ಹಾಳೆಯಲ್ಲಿ ಕಂಡದ್ದು ಶೇ 6 ಮಾರಾಟ ಬೆಳವಣಿಗೆ, ಇಳಿದ ಮಾರ್ಜಿನ್. ಜನ 40 ಪಟ್ಟಿನ ಬದಲು 35 ಪಟ್ಟು ಸಾಕು ಅಂದುಕೊಂಡರೂ ಬೆಲೆ 630ಕ್ಕೆ ಬರುತ್ತದೆ. 640 ಅದರ ಹತ್ತಿರವೇ ಇದೆ.

ನಿಮ್ಮ ಕಾಗದದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 'ಮಾಲೂ ಜಾಸ್ತಿನೇ ಎತ್ತಿದೆವು' ಎಂಬ ಮಾತು. ಸೆಪ್ಟೆಂಬರ್ ರಿಸಲ್ಟ್ ಜೊತೆ ಆಸ್ತಿ-ಹೊಣೆಗಳ ಪಟ್ಟಿಯೂ ಬರುತ್ತದೆ. ಜೂನ್ ಮತ್ತು ಡಿಸೆಂಬರ್‌ನಲ್ಲಿ ಅದನ್ನು ಕೊಡಲೇಬೇಕು ಎಂದಿಲ್ಲ. ಅದರಲ್ಲಿ 'ಟ್ರೇಡ್ ರಿಸೀವಬಲ್ಸ್' ಅಂದರೆ ಡೀಲರ್‌ಗಳಿಂದ ಬರಬೇಕಾದ ಬಾಕಿ. ಮಾರ್ಚ್ ಕೊನೆಗೆ 180 ಕೋಟಿ ಇತ್ತು, ಈಗ 260. ಬೇಸಿಗೆ ಮಾಲಿನ ದುಡ್ಡು ಬಂದು ಸೆಪ್ಟೆಂಬರ್ ಹೊತ್ತಿಗೆ ಬಾಕಿ ಇಳಿಯಬೇಕಿತ್ತು, ಇಲ್ಲಿ ಏರಿದೆ. ಅಂದರೆ ಆ ಶೇ 6 ಬೆಳವಣಿಗೆಯಲ್ಲೂ ಒಂದಷ್ಟು ಉದ್ದರಿ ಮಾಲು ಇರಬಹುದು. ಕಂಪನಿಯ ಪುಸ್ತಕದಲ್ಲಿ ಅದು ಮಾರಾಟ ಆಗಿದೆ, ಆದರೆ ರೈತರ ಕೈಗೆ ಹೋಗಿಲ್ಲ, ನಿಮ್ಮ ಗೋಡೌನಿನಲ್ಲಿದೆ. ನಿಮ್ಮಲ್ಲಿ ಎಷ್ಟು ಮೋಟರ್ ಉಳಿದಿದೆ, ಎಣಿಸಿ ನೋಡಿ. ಒಂದು ಅಂಗಡಿಯಿಂದ ಇಡೀ ಕಂಪನಿ ಹೇಳೋಕಾಗಲ್ಲ, ಆದರೆ ಕೋಲಾರ, ಚಿಂತಾಮಣಿಯ ನಾಲ್ಕು ಡೀಲರ್‌ಗಳನ್ನು ನೀವು ಒಂದು ಫೋನ್‌ನಲ್ಲಿ ಕೇಳಬಹುದು.

ಮಾರಬೇಕಾ, ಇಟ್ಟುಕೊಳ್ಳಬೇಕಾ ಅಂತ ಒಂದು ತ್ರೈಮಾಸಿಕ ನೋಡಿ ನಾನು ಹೇಳಲಾರೆ. ತಾಮ್ರದ ಪೆಟ್ಟು ತಾತ್ಕಾಲಿಕವೂ ಆಗಿರಬಹುದು. ರಿಸಲ್ಟ್ ನಂತರ ಕಂಪನಿಯವರು ವಿಶ್ಲೇಷಕರ ಜೊತೆ ನಡೆಸಿದ ಕಾನ್‌ಕಾಲ್‌ನ ಬರಹ ಎಕ್ಸ್‌ಚೇಂಜ್ ವೆಬ್‌ಸೈಟಿಗೆ ಬರುತ್ತದೆ. ಅದರಲ್ಲಿ ಬೆಲೆ ಏರಿಸಿದ್ದೇವೆಯೇ, ಯಾವಾಗಿನಿಂದ ಎಂಬ ಉತ್ತರ ಹುಡುಕಿ. ಏರಿಸಿದ್ದರೆ ಹೊಸ ಪ್ರೈಸ್ ಲಿಸ್ಟ್ ನಿಮ್ಮ ಅಂಗಡಿಗೆ ಈಗಾಗಲೇ ಬಂದಿರಬೇಕು. ಡಿಸೆಂಬರ್ ತ್ರೈಮಾಸಿಕದ ರಿಸಲ್ಟ್ ಫೆಬ್ರುವರಿ 14ರ ಒಳಗೆ ಬರಬೇಕು. ಅವತ್ತು ಸುದ್ದಿ ಓದುವ ಮುಂಚೆ ಕಚ್ಚಾ ಸಾಮಗ್ರಿಯ ಪಾಲು 63ರಿಂದ ಇಳಿದಿದೆಯಾ ಅಂತ ನೀವೇ ಭಾಗಿಸಿ ನೋಡಿ.