14 ನಿಮಿಷದಲ್ಲಿ ತಪ್ಪಿದ ಮಾರ್ಚ್ 21

ಪ್ರಶ್ನೆ: ಮಗಳು ಟೋಕಿಯೊದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ ಹಗಲು-ರಾತ್ರಿ ಸಮವಾಗುವ ದಿನ ಸರ್ಕಾರಿ ರಜೆಯಂತೆ. 2022ರಲ್ಲಿ ಅದು ಮಾರ್ಚ್ 21ಕ್ಕೆ ಬಂತು, 2026ಕ್ಕೆ 20 ಎನ್ನುತ್ತಾಳೆ. ಇನ್ನೂ ಮುಂದಿನದನ್ನು ಕೇಳಿದರೆ ‘ಸರ್ಕಾರ ಹೇಳಬೇಕು’ ಅಂತಾಳೆ. ಸೂರ್ಯನ ಲೆಕ್ಕ ಮೊದಲೇ ಗೊತ್ತಿರುವಾಗ ಹೀಗೇಕೆ?

ಉತ್ತರ: ಕಾನೂನಿನಲ್ಲಿ ದಿನಾಂಕವೇ ಇಲ್ಲ, ಅದೇ ಕಾರಣ. ಜಪಾನಿನ 1948ರ ರಾಷ್ಟ್ರೀಯ ರಜಾದಿನಗಳ ಕಾಯ್ದೆ ಸಂವಿಧಾನ ದಿನಕ್ಕೆ ‘ಮೇ 3’ ಎಂದು ಬರೆದಿದೆ. ಆದರೆ ವಸಂತದ ‘ಶುನ್‌ಬುನ್ ನೊ ಹಿ’ಗೂ ಶರತ್ಕಾಲದ ‘ಶೂಬುನ್ ನೊ ಹಿ’ಗೂ ‘ವಿಷುವದ ದಿನ’ ಎಂದಷ್ಟೇ ಬರೆದು, ದಿನವನ್ನು ಆಕಾಶಕ್ಕೆ ಬಿಟ್ಟಿದೆ.

ಆ ದಿನ ಯಾವುದೆಂದು ಲೆಕ್ಕ ಹಾಕುವುದು ಜಪಾನಿನ ರಾಷ್ಟ್ರೀಯ ಖಗೋಳ ವೀಕ್ಷಣಾಲಯ. ಅದರ ಕೇಂದ್ರ ಟೋಕಿಯೊದ ಮಿತಾಕದಲ್ಲಿದೆ. ಪ್ರತಿ ಫೆಬ್ರವರಿಯ ಮೊದಲ ಕೆಲಸದ ದಿನ, ಮರುವರ್ಷದ ‘ರೆಕಿ ಯೋಕೋ’ ಎಂಬ ಪಂಚಾಂಗ ಸಾರಾಂಶ ಅಲ್ಲಿನ ಸರ್ಕಾರಿ ಗೆಜೆಟ್ ಆದ ‘ಕಾನ್‌ಪೋ’ದಲ್ಲಿ ಅಚ್ಚಾಗುತ್ತದೆ. ರಜೆ ಅಧಿಕೃತವಾಗುವುದು ಆಗಲೇ. 2026ರ ದಿನಾಂಕಗಳು ಹೀಗೆ 2025ರ ಫೆಬ್ರವರಿ 3ರಂದು ಹೊರಬಂದವು. 1ನೇ ತಾರೀಕು ಶನಿವಾರವಾಗಿತ್ತು. ಕ್ಯಾಲೆಂಡರ್ ಮುದ್ರಿಸುವವರಿಗೆ ಅಷ್ಟು ಸಮಯ ಸಾಕು. ಹಲವು ದಶಕಗಳ ಮುಂದಿನ ವಿಷುವವನ್ನೂ ವೀಕ್ಷಣಾಲಯ ಲೆಕ್ಕ ಹಾಕಿಟ್ಟಿದೆ, ಆದರೆ ಗೆಜೆಟ್‌ನಲ್ಲಿ ಬರುವವರೆಗೆ ಅದು ಬರೀ ಲೆಕ್ಕ, ರಜೆಯಲ್ಲ. ಮಗಳು ಹೇಳಿದ್ದು ಸರಿಯಾಗಿಯೇ ಇದೆ.

ಇನ್ನು ತಾರೀಕು ಜಾರುವ ವಿಷಯ. ವಿಷುವ ಎಂಬುದು ಇಡೀ ದಿನವಲ್ಲ, ಒಂದು ಕ್ಷಣ. ವಸಂತದಲ್ಲಿ ಸೂರ್ಯ ಆಕಾಶದ ವಿಷುವದ್ವೃತ್ತವನ್ನು, ಅಂದರೆ ಭೂಮಧ್ಯರೇಖೆಯ ನೇರ ಮೇಲಿರುವ ಗೆರೆಯನ್ನು, ದಾಟುವ ಆ ಕ್ಷಣವನ್ನು ನಮ್ಮ ಪಂಚಾಂಗಗಳು ಸಾಯನ ಮೇಷ ಸಂಕ್ರಮಣ ಎನ್ನುತ್ತವೆ. ಜಪಾನಿನ ಗಡಿಯಾರದಲ್ಲಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನ ಯಾವ ದಿನದೊಳಗೆ ಅದು ಬೀಳುತ್ತದೋ ಆ ದಿನವೇ ರಜೆ. ಮಕರ ಸಂಕ್ರಾಂತಿಗೆ ನಾವು ನೋಡುವಂತೆ ಸೂರ್ಯಾಸ್ತಕ್ಕೆ ಮೊದಲೋ ಆಮೇಲೋ ಎಂಬ ವಿಚಾರ ಇಲ್ಲಿಲ್ಲ. ಹಗಲಿನ ಉದ್ದವನ್ನು ಅಳೆದು ನಿರ್ಧರಿಸುವುದೂ ಇಲ್ಲ. ನಿಜಕ್ಕೂ ಆ ದಿನ ಜಪಾನಿನಲ್ಲಿ ಹಗಲು ರಾತ್ರಿಗಿಂತ ಸುಮಾರು 14 ನಿಮಿಷ ಉದ್ದವಿರುತ್ತದೆ.

ನೀವು ಕೇಳಿದ ವರ್ಷಗಳನ್ನೇ ನೋಡೋಣ. ಸಮಯಗಳೆಲ್ಲ ಜಪಾನಿನವು. 2022ರಲ್ಲಿ ಆ ಕ್ಷಣ ಬಂದದ್ದು ಮಾರ್ಚ್ 21ರ ನಸುಕಿನ 0 ಗಂಟೆ 33 ನಿಮಿಷಕ್ಕೆ. ಒಂದು ವಿಷುವದಿಂದ ಮುಂದಿನದಕ್ಕೆ 365 ದಿನ ಮತ್ತು ಸುಮಾರು 5 ಗಂಟೆ 49 ನಿಮಿಷ ಬೇಕು. ಹಾಗಾಗಿ 2023ರಲ್ಲಿ ಅದು 21ರ ಬೆಳಿಗ್ಗೆ 6:24ಕ್ಕೆ ಸರಿಯಿತು. 2024 ಅಧಿಕ ವರ್ಷ. ಫೆಬ್ರವರಿ 29 ನಡುವೆ ಸೇರಿದ್ದರಿಂದ ತಾರೀಕು ಒಂದು ದಿನ ಹಿಂದಕ್ಕೆ ಬಂದು 20ರ ಮಧ್ಯಾಹ್ನ 12:06 ಆಯಿತು. 2025ರಲ್ಲಿ 20ರ ಸಂಜೆ 6:01, 2026ರಲ್ಲಿ 20ರ ರಾತ್ರಿ 11:46. ಇನ್ನು 14 ನಿಮಿಷ ತಡವಾಗಿದ್ದರೆ 2026ರ ರಜೆ ಶುಕ್ರವಾರ ಬಿಟ್ಟು ಶನಿವಾರಕ್ಕೆ ಹೋಗುತ್ತಿತ್ತು.

2022 ಮತ್ತು 2026ನ್ನು ಅಕ್ಕಪಕ್ಕ ಇಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ನಾಲ್ಕು ವರ್ಷದಲ್ಲಿ ವಿಷುವ ಸುಮಾರು 23 ಗಂಟೆ 15 ನಿಮಿಷ ಮುಂದಕ್ಕೆ ಹೋಗುತ್ತದೆ, ಅಧಿಕ ದಿನ ಅದನ್ನು ಪೂರಾ 24 ಗಂಟೆ ಹಿಂದಕ್ಕೆ ಎಳೆಯುತ್ತದೆ. ಪ್ರತಿ ಸುತ್ತಿಗೂ ಸರಾಸರಿ 45 ನಿಮಿಷ ಬೇಗ. ಈ ನಿಧಾನದ ಜಾರುವಿಕೆಯಿಂದಲೇ ಈ ಶತಮಾನದಲ್ಲಿ ಜಪಾನಿಗೆ ಮಾರ್ಚ್ 20 ಹೆಚ್ಚುಹೆಚ್ಚಾಗಿ ಬರುತ್ತಿದೆ. 2100 ಅಧಿಕ ವರ್ಷವಲ್ಲ, ಆಗ ಮತ್ತೆ ಒಂದು ದಿನ ಮುಂದಕ್ಕೆ ನೆಗೆಯುತ್ತದೆ.

ಆದರೆ ನಾಲ್ಕು ವರ್ಷಕ್ಕೊಮ್ಮೆ 45 ನಿಮಿಷ ಕಳೆಯುತ್ತ ಹೋದರೆ ಸಾಲದು. 2022ರಿಂದ 2026ಕ್ಕೆ ಕಳೆದದ್ದು 47 ನಿಮಿಷ. ಅದರ ಹಿಂದಿನ ಸುತ್ತಿನಲ್ಲಿ 42. ಸೂರ್ಯನನ್ನು ನಯವಾದ ದಾರಿಯಲ್ಲಿ ಸುತ್ತುವುದು ಭೂಮಿ-ಚಂದ್ರರ ಜಂಟಿ ಕೇಂದ್ರ. ಭೂಮಿ ಆ ಕೇಂದ್ರದಿಂದ ಸುಮಾರು 4,700 ಕಿಲೋಮೀಟರ್ ಆಚೀಚೆ ಇರುತ್ತದೆ. ಸೆಕೆಂಡಿಗೆ 30 ಕಿಲೋಮೀಟರ್ ಓಡುವ ಭೂಮಿಗೆ ಅಷ್ಟು ದೂರ ಎಂದರೆ ಎರಡೂವರೆ ನಿಮಿಷ. ಚಂದ್ರ ಎಲ್ಲಿದ್ದಾನೆ ಎಂಬುದರ ಮೇಲೆ ವಿಷುವ ಅಷ್ಟು ಬೇಗ ಅಥವಾ ತಡ. ಶುಕ್ರ, ಗುರು ಗ್ರಹಗಳ ಸೆಳೆತ ಇನ್ನಷ್ಟು ನಿಮಿಷ ಅಲುಗಿಸುತ್ತದೆ. ಮಧ್ಯರಾತ್ರಿಯ ಅಂಚಿಗೆ ಬಂದ ವರ್ಷದಲ್ಲಿ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ದಿನ ಹೇಳಲಾಗದು.

ಶರತ್ಕಾಲದ ರಜೆಗೂ ಇದೇ ಆಗಿದೆ. 2012ರಲ್ಲಿ ವಿಷುವ ಸೆಪ್ಟೆಂಬರ್ 22ರ ರಾತ್ರಿ 11:49ಕ್ಕೆ ಬಂತು. ಜಪಾನಿನಲ್ಲಿ ಅದು 22ಕ್ಕೆ ಬಿದ್ದದ್ದು 1896ರ ನಂತರ ಅದೇ ಮೊದಲು. 23ನ್ನೇ ನೋಡಿ ಬೆಳೆದವರಿಗೆ ಅದು ಹೊಸತು.

ಮಗಳಿಗೆ ರಜೆ ಲೆಕ್ಕ ಹಾಕಲು ಒಂದು ಮಾತು: 2027ರಲ್ಲಿ ಲೆಕ್ಕದ ಪ್ರಕಾರ ವಿಷುವ ಮಾರ್ಚ್ 21ರ ಬೆಳಿಗ್ಗೆ 5:25ಕ್ಕೆ. ಅದು ಭಾನುವಾರ. ರಜೆ ಭಾನುವಾರ ಬಂದರೆ ಸೋಮವಾರ ಬದಲಿ ರಜೆ ಕೊಡುವುದೂ ಅದೇ ಕಾಯ್ದೆಯಲ್ಲಿದೆ, ಆದ್ದರಿಂದ 22 ಕೂಡ ಬಿಡುವು.