ಕಟ್ಟಿದ ಲೋನ್ ಸಿಬಿಲ್‌ನಾಗ ಡಿಫಾಲ್ಟ್ ಅಂತ ಬಂದ್ರ

"ಬೈಕ್ ಲೋನಿಂದು ಎಲ್ಲಾ ಕಂತು ಕಟ್ಟಿದೀನಿ, ಆದ್ರೂ ಸಿಬಿಲ್‌ನಲ್ಲಿ ಡಿಫಾಲ್ಟ್ ತೋರಿಸ್ತಿದೆ. ಬ್ಯಾಂಕಿನವರು ಒಂದಿಷ್ಟು ಕಟ್ಟಿ ಸೆಟಲ್ ಮಾಡ್ಕೊಳ್ಳಿ ಅಂತಾರೆ. ಏನು ಮಾಡ್ಲಿ?"

ಸೆಟಲ್ ಮಾತ್ರ ಮಾಡ್ಕೋಬ್ಯಾಡ್ರಿ. ಪೂರ್ತಿ ಕಟ್ಟಾಕ ಆಗಲಿಲ್ಲ ಅಂತ ನೀವ ಒಪ್ಪಿಕೊಂಡಂಗ ಆಗತೈತಿ, ರಿಪೋರ್ಟ್‌ನಾಗ Settled ಅಂತ ಕುಂತು ಮುಂದಿನ ಲೋನಿಗೂ ಅಡ್ಡ ಬರತೈತಿ.

ನಂದೂ ಹಿಂಗ ಆಗಿತ್ರಿ, ಸಿಂಧನೂರಾಗ. 2022ರ ಜುಲೈ 5ಕ್ಕ ಅಕೌಂಟ್‌ನಾಗ ರೊಕ್ಕ ಕಮ್ಮಿ ಬಿದ್ದು ಕಂತು ಬೌನ್ಸ್ ಆತು, 9ಕ್ಕ ಬ್ರಾಂಚಿಗೆ ಹೋಗಿ ಚಾರ್ಜ್ ಸಮೇತ ಕ್ಯಾಶ್ ಕಟ್ಟಿ ಸೀಲ್ ಹಾಕಿಸ್ಕೊಂಡು ರಸೀದಿ ತಂದೆ. ಆ ರೊಕ್ಕ ಲೋನ್ ಅಕೌಂಟಿಗೆ ಏರಲೇ ಇಲ್ಲ. ಆಗಸ್ಟ್ ಕಂತು ಜುಲೈ ಬಾಕಿಗೆ ಹೋತು, ಸೆಪ್ಟೆಂಬರ್‌ದು ಆಗಸ್ಟ್‌ಗೆ, ಹಿಂಗ ಒಂದ ಕಂತು ವರ್ಷಗಟ್ಲೆ ಹಿಂದ ಉಳಕೊಂತ ಬಂತು.

ಇದು ಗೊತ್ತಾಗೋದು ಸಿಬಿಲ್ ರಿಪೋರ್ಟ್‌ನ DPD ಸಾಲಿನಾಗ, ಅಂದ್ರ ಎಷ್ಟು ದಿನ ತಡ ಅಂತ ತಿಂಗಳಿಗೊಂದು ನಂಬರ್ ಇರತೈತಲ್ಲ ಅಲ್ಲಿ. ನಂದರಾಗ ಪ್ರತಿ ತಿಂಗಳು 26, 25 ಅಂತ ಒಂದ ಸಮ ಇತ್ತು, 2023ರ ಜೂನ್‌ಗೆ ಕೊನೇ ಕಂತು ಮುಗಿದ ಮ್ಯಾಲೆ 56, 87, 117 ಅಂತ ಏರಿತ್ತು. ನಿಮ್ದೂ ಹಿಂಗ ಇದ್ರ ಯಾವ್ದೋ ಒಂದು ಕಂತು ಜಮಾ ಆಗಿಲ್ಲ ಅಂತ ತಿಳ್ಕೋರಿ. ಬ್ಯಾಂಕಿಂದ ಲೋನ್ ಅಕೌಂಟ್ ಸ್ಟೇಟ್‌ಮೆಂಟ್ ತಗೊಂಡು ನಿಮ್ಮ ರಸೀದಿ, ಪಾಸ್‌ಬುಕ್ ಪಕ್ಕದಾಗಿಟ್ಟು ತಿಂಗಳು ತಿಂಗಳು ಟಿಕ್ ಹಾಕ್ರಿ, ಯಾವ ತಿಂಗಳ್ದು ಇಲ್ಲಂತ ಸಿಕ್ಕೇ ಸಿಗತೈತಿ.

ಆಮೇಲೆ ಮ್ಯಾನೇಜರ್‌ಗೆ ಬರವಣಿಗೆಯಾಗ ಕೊಡ್ರಿ, ಬಾಯಿಮಾತು ಸಾಲಂಗಿಲ್ಲ. ರಸೀದಿ ಜೆರಾಕ್ಸ್ ಹಚ್ಚಿ, ನಿಮ್ಮ ಕಾಪಿ ಮ್ಯಾಲೆ ತಾರೀಖು ಹಾಕಿಸಿ ಸೀಲ್ ತಗೋರಿ. ಒರಿಜಿನಲ್ ಮಾತ್ರ ಕೊಡಬ್ಯಾಡ್ರಿ. ಅವತ್ತ ಸಿಬಿಲ್ ವೆಬ್‌ಸೈಟ್‌ನಾಗೂ ಡಿಸ್ಪ್ಯೂಟ್ ಹಾಕ್ರಿ, ಅದಕ್ಕ ರೊಕ್ಕ ಇಲ್ಲ. ಆದ್ರ ಸಿಬಿಲ್‌ನವರು ತಾವಾಗೇ ತಿದ್ದಂಗಿಲ್ಲ, ಬ್ಯಾಂಕ್ ಹೌದು ಅನ್ಬೇಕು, ಅದಕ್ಕ ಬ್ಯಾಂಕಿನ ಪತ್ರನ ಮುಖ್ಯ.

ಪತ್ರದಾಗ ಏನ್ ಕೇಳ್ತೀರಿ ಅನ್ನೋದರಾಗ ನಾನು ಎಡವಿದೆ. "ಬಾಕಿ ತೆಗೀರಿ" ಅಂತಷ್ಟ ಬರೆದಿದ್ದೆ. ಅವರು ಬ್ಯಾಲೆನ್ಸ್ ಸೊನ್ನೆ ಮಾಡಿ Closed ಅಂತ ಕಳಿಸಿದ್ರು, ಹಿಂದಿನ 117 ಎಲ್ಲಾ ಹಂಗ ಉಳೀತು, ಸ್ಕೋರ್‌ಗೆ ಹೊಡೆತ ಅಲ್ಲಿಂದನ ಬಿದ್ದಿತ್ತು. ಎರಡನೇ ಪತ್ರದಾಗ "9-7-2022ರ ಜಮಾ ಆ ತಾರೀಖಿಗೇ ಏರಿಸಿ, 2022 ಜುಲೈಯಿಂದ ಪ್ರತಿ ತಿಂಗಳ DPD 000 ಅಂತ ತಿದ್ದಿ, ನಾಲ್ಕೂ ಕ್ರೆಡಿಟ್ ಕಂಪನಿಗೆ ಕಳಿಸ್ರಿ" ಅಂತ ಬರೆದೆ. ನಾಲ್ಕು ಅಂದ್ರ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಆಮೇಲೇ ಸಾಲು ಪೂರ್ತಿ 000 ಆತು. ನಾಲ್ಕೂ ಕಡೆ ವರ್ಷಕ್ಕೊಂದು ರಿಪೋರ್ಟ್ ಫ್ರೀ ಸಿಗತೈತಿ, ತೆಗೆದು ನೋಡ್ರಿ.

30 ದಿನದಾಗ ಸರಿಮಾಡ್ಲಿಲ್ಲ ಅಂದ್ರ ಆಮೇಲಿನ ಒಂದೊಂದು ದಿನಕ್ಕ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ ಆರ್‌ಬಿಐ ರೂಲ್ ಐತಿ, 2024ರ ಏಪ್ರಿಲ್‌ನಿಂದ. ಬ್ಯಾಂಕ್ ಉತ್ತರನ ಕೊಡದಿದ್ರ cms.rbi.org.in ನಾಗ ಓಂಬುಡ್ಸ್‌ಮನ್‌ಗೆ ದೂರು ಕೊಡ್ರಿ, ಅಲ್ಲಿ ಅಪ್‌ಲೋಡ್ ಮಾಡಾಕ ಬೇಕಾಗೋದು ಆ ಸೀಲ್ ಹಾಕಿದ ಕಾಪಿನ.