ಮದುವೆ ಫೋಟೋದಿಂದ ಒಬ್ಬರನ್ನು ತೆಗೆಸಬೇಕು, ಫೋಟೋಗ್ರಾಫರ್‌ಗೆ ಮೇಲ್ ಹೇಗೆ ಬರೆಯಲಿ?

ಪ್ರಶ್ನೆ: ತಂಗಿ ಮದುವೆ ದಾವಣಗೆರೆಯಲ್ಲಿ ಆಯ್ತು. ಸ್ಟೇಜ್ ಮೇಲಿನ ಒಂದು ಫ್ಯಾಮಿಲಿ ಫೋಟೋ ಫ್ರೇಮ್ ಹಾಕಿಸಬೇಕು, ಆದ್ರೆ ಅದರಲ್ಲಿ ಒಬ್ಬರು ಇರೋದು ಬೇಡ. ಅವರಿಲ್ಲದ ಕಾಪಿ ಕೊಡಿ ಅಂತ ಮೇಲ್‌ನಲ್ಲಿ ಹೇಗೆ ಕೇಳೋದು? ಕಾರಣ ಹೇಳಬೇಕಾ?

ಉತ್ತರ:

ಕಾರಣ ಹೇಳಬೇಡಿ. ನಾನೂ ಇದೇ ಊರಲ್ಲಿ ಮದುವೆ ಫೋಟೋ ತೆಗೆಯುವವನು. ಪ್ರತಿ ಸೀಸನ್ ಮುಗಿದ ಮೇಲೆ ಇಂಥ ಮೇಲ್‌ಗಳು ಬರುತ್ತವೆ. ಕೆಲವರು ಇಡೀ ಜಗಳದ ಕಥೆ ಬರೆದಿರುತ್ತಾರೆ, ಆದರೆ ಆ ವ್ಯಕ್ತಿ ಫೋಟೋದಲ್ಲಿ ಎಲ್ಲಿ ನಿಂತಿದ್ದಾರೆ ಎಂದು ಮಾತ್ರ ಬರೆದಿರುವುದಿಲ್ಲ. ನಮಗೆ ಬೇಕಾಗಿರುವುದು ಅದೇ. ಇನ್ನೊಂದು ವಿಷಯ, ಸ್ಟುಡಿಯೋದ ಮೇಲ್ ಓನರ್ ಒಬ್ಬರೇ ಓದುವುದಿಲ್ಲ. ಆಲ್ಬಮ್ ಡಿಸೈನ್ ಮಾಡುವ ಹುಡುಗನೂ ಓದುತ್ತಾನೆ. ದಾವಣಗೆರೆಯಲ್ಲಿ ಯಾರು ಯಾರಿಗೆ ಬೀಗರು ಎಂದು ಹೇಳೋಕಾಗಲ್ಲ. ಆ ವ್ಯಕ್ತಿಯ ಹೆಸರನ್ನೂ ಬರೆಯದಿದ್ದರೆ ಒಳ್ಳೆಯದು. ಜಾಗ ಮತ್ತು ಬಟ್ಟೆಯ ಬಣ್ಣ ಹೇಳಿದರೆ ಸಾಕು.

ಜಾಗ ಹೇಳುವಾಗ ‘ಬಲಗಡೆ’ ಎಂದಷ್ಟೇ ಬರೆದರೆ ಗೊಂದಲ. ಮದುಮಗಳ ಬಲಗಡೆಯೋ, ಫೋಟೋ ನೋಡುವವರ ಬಲಗಡೆಯೋ? ‘ಫೋಟೋ ನೋಡುವಾಗ ನಮ್ಮ ಬಲಕ್ಕೆ, ಕೊನೆಯವರು, ನೀಲಿ ಅಂಗಿ’ ಎಂದು ಬರೆಯಿರಿ. ಜೊತೆಗೆ ಫೋಟೋದ ಒಂದು ಸ್ಕ್ರೀನ್‌ಶಾಟ್‌ನಲ್ಲಿ ಅವರ ಸುತ್ತ ಗೆರೆ ಎಳೆದು ಲಗತ್ತಿಸಿ.

ಫೈಲ್ ಹೆಸರು ಕಡ್ಡಾಯ. ನಾವು ಕೊಟ್ಟ ಪೆನ್‌ಡ್ರೈವ್ ಅಥವಾ ಡ್ರೈವ್ ಲಿಂಕ್‌ನಲ್ಲಿ DSC_4127.JPG ಥರದ ಹೆಸರು ಇರುತ್ತದೆ, ಅದನ್ನೇ ಬರೆಯಿರಿ. ವಾಟ್ಸಾಪ್‌ನಿಂದ ಇಳಿಸಿಕೊಂಡ ಫೋಟೋ ಆದರೆ ಹೆಸರು IMG-20240512-WA0012.jpg ಎಂದು ಬದಲಾಗಿರುತ್ತದೆ. ಸಾವಿರಾರು ಫೋಟೋಗಳಲ್ಲಿ ಆ ಹೆಸರಿಟ್ಟುಕೊಂಡು ಮೂಲ ಫೈಲ್ ಹುಡುಕಲು ಆಗುವುದಿಲ್ಲ. ವಾಟ್ಸಾಪ್ ಕಾಪಿ ಕುಗ್ಗಿರುವುದರಿಂದ ಅದರ ಮೇಲೆ ಕೆಲಸ ಮಾಡಿದರೆ ದೊಡ್ಡ ಪ್ರಿಂಟ್ ಕೂಡ ಚೆನ್ನಾಗಿ ಬರಲ್ಲ.

ಈಗ ಮುಖ್ಯ ವಿಷಯ. ‘ಅಂಚಿನಲ್ಲೇ ಇದ್ದಾರಲ್ಲ, ಕಟ್ ಮಾಡಿಬಿಡಿ’ ಎಂದು ತುಂಬಾ ಜನ ಬರೆಯುತ್ತಾರೆ. ಒಂದು ಲೆಕ್ಕ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ, 4000 ಎತ್ತರ ಇರುತ್ತದೆ. ಬಲ ಅಂಚಿನವರು ಸುಮಾರು 900 ಪಿಕ್ಸೆಲ್ ಜಾಗ ಹಿಡಿದಿದ್ದಾರೆ ಅಂದುಕೊಳ್ಳಿ. ಅವರನ್ನು ಕತ್ತರಿಸಿದರೆ 5100 ಅಗಲ ಉಳಿಯುತ್ತದೆ. 12x18 ಇಂಚಿನ ಫ್ರೇಮ್‌ಗೆ ಅಗಲ ಮತ್ತು ಎತ್ತರ 3:2 ಲೆಕ್ಕದಲ್ಲಿರಬೇಕು, ಅಂದರೆ ಎತ್ತರವನ್ನು 3400ಕ್ಕೆ ಇಳಿಸಬೇಕು. ಮೇಲಿಂದಲೋ ಕೆಳಗಿಂದಲೋ 600 ಪಿಕ್ಸೆಲ್ ಹೋಗುತ್ತದೆ. ಪ್ರಿಂಟ್ ಗುಣಮಟ್ಟಕ್ಕೆ ಏನೂ ಆಗಲ್ಲ, ಇಂಚಿಗೆ 280ಕ್ಕಿಂತ ಜಾಸ್ತಿ ಪಿಕ್ಸೆಲ್ ಉಳಿದಿರುತ್ತದೆ. ಆದರೆ ಮೇಲೆ ಹೂವಿನ ಅಲಂಕಾರ ಕತ್ತರಿಸುತ್ತದೆ, ಇಲ್ಲವೇ ಕೆಳಗೆ ಎಲ್ಲರ ಪಾದ ಹೋಗುತ್ತದೆ. ಸ್ಟೇಜ್‌ನ ಸರಿ ಮಧ್ಯದಲ್ಲಿ ನಿಂತಿದ್ದ ಗಂಡು-ಹೆಣ್ಣು ಒಂದು ಪಕ್ಕಕ್ಕೆ ಸರಿದಂತೆ ಕಾಣುತ್ತಾರೆ. ಅದನ್ನು ಸರಿ ಮಾಡಲು ಎಡಗಡೆಯೂ ಅಷ್ಟೇ ಕತ್ತರಿಸೋಣ ಅಂದರೆ ಅಲ್ಲಿ ನಿಮ್ಮ ಚಿಕ್ಕಮ್ಮ ನಿಂತಿರಬಹುದು!

ಇಷ್ಟಾದರೂ ಒಂದು ಕೈ ಉಳಿಯುತ್ತದೆ. ಗುಂಪು ಫೋಟೋದಲ್ಲಿ ಅಂಚಿನವರು ಪಕ್ಕದವರ ಭುಜದ ಮೇಲೆ ಕೈ ಹಾಕಿರುವುದು ಮಾಮೂಲು. ಆಳು ಹೋದರೂ ನಾಲ್ಕು ಬೆರಳು ಭುಜದ ಮೇಲೆ ಹಾಗೇ ಕೂತಿರುತ್ತವೆ. ಆದ್ದರಿಂದ ಮೇಲ್‌ನಲ್ಲಿ ‘ಪಕ್ಕದವರ ಭುಜದ ಮೇಲಿರುವ ಕೈಯನ್ನೂ ತೆಗೆಯಬೇಕು’ ಎಂದು ಬರೆದುಬಿಡಿ. ಆಗ ಇದು ಕತ್ತರಿಸುವ ಕೆಲಸವಲ್ಲ, ಕೂತು ಅಳಿಸಿ ತುಂಬುವ ಕೆಲಸ ಎಂದು ಫೋಟೋಗ್ರಾಫರ್‌ಗೆ ಗೊತ್ತಾಗುತ್ತದೆ. ಬಹಳ ಸ್ಟುಡಿಯೋಗಳಲ್ಲಿ ಕ್ರಾಪ್‌ಗೆ ದುಡ್ಡು ಕೇಳುವುದಿಲ್ಲ, ಈ ಕೆಲಸಕ್ಕೆ ಕೇಳುತ್ತಾರೆ. ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ.

ತುಂಬುವ ಕೆಲಸ ಎಷ್ಟು ಚೆನ್ನಾಗಿ ಬರುತ್ತದೆ ಎನ್ನುವುದು ಆ ವ್ಯಕ್ತಿಯ ಹಿಂದೆ ಏನಿದೆ ಎನ್ನುವುದರ ಮೇಲೆ ನಿಂತಿದೆ. ಹಿಂದೆ ಹೂವಿನ ಪರದೆ ಇದ್ದರೆ ಸುಲಭ, ಪಕ್ಕದ ಹೂವನ್ನೇ ತಂದು ಮುಚ್ಚಬಹುದು. ಹಿಂದಿನ ಸಾಲಿನಲ್ಲಿ ತಲೆ ಮಾತ್ರ ಕಾಣುತ್ತಿದ್ದರೂ ಪರವಾಗಿಲ್ಲ. ಅವರು ಮುಂದೆ ನಿಂತು ಬೇರೆಯವರ ಸೀರೆ, ಕೈ, ಮುಖದ ಅರ್ಧ ಭಾಗವನ್ನು ಮರೆಮಾಡಿದ್ದರೆ ಕಷ್ಟ. ಮರೆಯಾದದ್ದು ಆ ಫೋಟೋದಲ್ಲಿ ಇಲ್ಲವೇ ಇಲ್ಲ, ಎಲ್ಲಿಂದ ತರುವುದು?

ಇದಕ್ಕೆ ಒಂದು ದಾರಿ ಇದೆ, ಗಿರಾಕಿಗಳು ಇದನ್ನು ಕೇಳುವುದೇ ಇಲ್ಲ. ಯಾರಾದರೂ ಕಣ್ಣು ಮುಚ್ಚಿರುತ್ತಾರೆ ಎಂದು ನಾವು ಪ್ರತಿ ಗುಂಪನ್ನೂ ಮೂರ್ನಾಲ್ಕು ಸಲ ಕ್ಲಿಕ್ ಮಾಡಿರುತ್ತೇವೆ. ಅದರಲ್ಲಿ ಒಂದನ್ನು ಆರಿಸಿ ನಿಮಗೆ ಕೊಡುತ್ತೇವೆ. ಉಳಿದವುಗಳಲ್ಲಿ ಆ ವ್ಯಕ್ತಿ ಇನ್ನೂ ಸ್ಟೇಜ್ ಹತ್ತದ ಒಂದು ಫ್ರೇಮ್ ಇರಬಹುದು, ಕೈ ಹಾಕುವ ಮುಂಚಿನ ಭುಜವಾದರೂ ಸಿಗಬಹುದು. ಅಲ್ಲಿಂದ ಸೀರೆಯ ಭುಜ ತಂದು ಇಲ್ಲಿ ಕೂರಿಸಿದರೆ ಅದು ನಿಜವಾದ ಸೀರೆ, ನಿಜವಾದ ಬೆಳಕು. ಆದರೆ ಜಾಗ ಖಾಲಿ ಮಾಡಲು ಹಳೆಯ ಫೋಟೋಗಳನ್ನು ಅಳಿಸುವ ಸ್ಟುಡಿಯೋಗಳೂ ಉಂಟು, ತಡ ಮಾಡಬೇಡಿ. ಆಲ್ಬಮ್ ಪ್ರಿಂಟ್‌ಗೆ ಹೋಗುವ ಮುಂಚೆಯೇ ಹೇಳಿದರೆ ಇನ್ನೂ ಒಳ್ಳೆಯದು. ಈಗಿನ ಆಲ್ಬಮ್‌ಗಳಲ್ಲಿ ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ, ಆಮೇಲೆ ಒಂದೇ ಪುಟ ಬದಲಿಸಲು ಬೈಂಡಿಂಗ್ ಬಿಚ್ಚಬೇಕಾಗುತ್ತದೆ.

ಹೀಗೆ ಬರೆಯಬಹುದು:

“ನಮಸ್ಕಾರ ಸರ್. ನಮ್ಮ ತಂದೆ ಹೆಸರಲ್ಲಿ ಬುಕ್ ಆಗಿದ್ದ ಮದುವೆ ಬಗ್ಗೆ ಬರೆಯುತ್ತಿದ್ದೇನೆ. ಆರತಕ್ಷತೆಯ DSC_4127.JPG ಫೋಟೋದಲ್ಲಿ, ನೋಡುವಾಗ ನಮ್ಮ ಬಲಕ್ಕೆ ಕೊನೆಯಲ್ಲಿರುವ ನೀಲಿ ಅಂಗಿಯವರು ಇಲ್ಲದ ಇನ್ನೊಂದು ಕಾಪಿ ಬೇಕು. ಪಕ್ಕದವರ ಭುಜದ ಮೇಲಿನ ಅವರ ಕೈಯೂ ಕಾಣಬಾರದು. 12x18 ಫ್ರೇಮ್ ಹಾಕಿಸುತ್ತೇವೆ. ಇದೇ ಗುಂಪಿನ ಬೇರೆ ಕ್ಲಿಕ್ ಇದ್ದರೆ ದಯವಿಟ್ಟು ಅದನ್ನೂ ನೋಡಿ. ಮೂಲ ಫೋಟೋ ಹಾಗೇ ಇರಲಿ, ಅದನ್ನು ಬದಲಿಸಬೇಡಿ. ಖರ್ಚೆಷ್ಟು, ಯಾವಾಗ ಸಿಗುತ್ತದೆ ತಿಳಿಸಿ. ಈ ವಿಷಯ ನಮ್ಮ ನಡುವೆಯೇ ಇರಲಿ.”

ಬುಕ್ ಮಾಡಿದವರ ಹೆಸರು ಬರೆಯುವುದು ಬರೀ ಗುರುತಿಗಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು. ಗಂಡಿನ ಕಡೆಯವರು ಬುಕ್ ಮಾಡಿದ್ದರೆ ಅವರ ಕಡೆಯಿಂದಲೇ ಮೇಲ್ ಹಾಕಿಸಿ. ಇಲ್ಲದಿದ್ದರೆ ಫೋಟೋಗ್ರಾಫರ್ ಅವರಿಗೆ ಫೋನ್ ಮಾಡಿ ಕೇಳುತ್ತಾರೆ, ಮುಚ್ಚಿಟ್ಟದ್ದು ಬಯಲಾಗುತ್ತದೆ.

ಮೂಲ ಹಾಗೇ ಇರಲಿ ಎಂಬ ಸಾಲು ನನ್ನ ದೃಷ್ಟಿಯಲ್ಲಿ ಬಿಡಲೇಬಾರದ ಸಾಲು. ಅದಿಲ್ಲದಿದ್ದರೆ ತಿದ್ದಿದ ಫೋಟೋವೇ ಆಲ್ಬಮ್‌ಗೂ ಹೋಗಬಹುದು, ಆ ಆಲ್ಬಮ್ ನೋಡಲು ಆ ನೀಲಿ ಅಂಗಿಯವರೇ ನಿಮ್ಮ ಮನೆಗೆ ಬರಬಹುದು.

ಕಾಪಿ ಬಂದ ಮೇಲೆ ಮೊಬೈಲ್‌ನಲ್ಲಿ ನೋಡಿ ಓಕೆ ಹೇಳಬೇಡಿ. ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ, ಮೊದಲು ಆ ಭುಜದ ಸೀರೆ ಅಂಚು ನೋಡಿ, ಜರಿ ಮಧ್ಯದಲ್ಲಿ ತುಂಡಾಗಿದೆಯಾ ಎಂದು. ಆಮೇಲೆ ಕಾರ್ಪೆಟ್ ನೋಡಿ. ಆಳನ್ನು ತೆಗೆದು ನೆರಳನ್ನು ಬಿಟ್ಟಿರುತ್ತಾರೆ. ಹಿಂದೆ ಕನ್ನಡಿಯ ಅಲಂಕಾರ ಇದ್ದರೆ ಅದರಲ್ಲಿ ನೀಲಿ ಅಂಗಿಯ ಬೆನ್ನು ಕಾಣಿಸಬಹುದು. ತಪ್ಪು ಕಂಡರೆ ಅಲ್ಲಿ ಗೆರೆ ಎಳೆದು ಅದೇ ಮೇಲ್‌ಗೆ ರಿಪ್ಲೈ ಮಾಡಿ. ಹೊಸ ಮೇಲ್ ಹಾಕಿದರೆ ಹಿಂದಿನದನ್ನು ನಾವು ಮತ್ತೆ ಹುಡುಕಬೇಕಾಗುತ್ತದೆ.